ಕಬ್ಬು bele ಕಮ್ಮಿ: ಆಫೀಸ್ ಮೇಲ್‌ನಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡ

ನಮ್ಮ ಆಫೀಸಿಗೆ ಬರುವ ಮೇಲ್‌ಗಳಲ್ಲಿ ಮೂರು ಜಾತಿ ಇವೆ. ಒಂದು ಇಂಗ್ಲಿಷ್. ಇನ್ನೊಂದು ಕನ್ನಡ ಲಿಪಿಯ ಕನ್ನಡ, ಇದು ಕಡಿಮೆ. ಮೂರನೆಯದು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ ಕನ್ನಡ, ಜನ ಕಂಗ್ಲಿಷ್ ಅಂತ ಕರೆಯುವುದು. ನಾನು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಒಂದು ಸಣ್ಣ ಚಿಕ್ಕಿ ಕಾರ್ಖಾನೆಯ ಪರ್ಚೇಸ್ ನೋಡಿಕೊಳ್ಳುತ್ತೇನೆ. ಶೇಂಗಾ, ಎಳ್ಳು, ಬೆಲ್ಲ, ಪ್ಯಾಕಿಂಗ್ ಕವರ್, ಇವೆಲ್ಲ ನನ್ನ ಕೈಯಲ್ಲೇ ಹಾದು ಹೋಗಬೇಕು. ಹಾಗಾಗಿ ಮೂರನೇ ಜಾತಿಯ ಮೇಲ್ ನನಗೆ ಜಾಸ್ತಿ ಬರುತ್ತದೆ. ಬೆಲ್ಲದವರು, ಟೆಂಪೋದವರು, ಮಿಷನ್ ರಿಪೇರಿಯವರು ಎಲ್ಲರೂ ಹೀಗೇ ಬರೆಯುತ್ತಾರೆ. ನಾನೂ ಅವರಿಗೆ ಹೀಗೇ ಉತ್ತರ ಬರೆಯುತ್ತೇನೆ.

ಇದರ ಬಗ್ಗೆ ಆಗಾಗ ಜಗಳ ಆಗುತ್ತದೆ. ನಮ್ಮ ಮಾಲೀಕರ ಮಗ ಇದನ್ನು ನಿಲ್ಲಿಸಬೇಕು ಅನ್ನುತ್ತಾರೆ. ಇಂಗ್ಲಿಷ್ ಬರೆಯಿರಿ, ಇಲ್ಲ ಅಂದರೆ ಸರಿಯಾದ ಕನ್ನಡ ಬರೆಯಿರಿ, ಇದೇನಿದು ಅಡ್ಡಕಸುಬು ಅಂತ ಅವರ ಮಾತು. ಅಕೌಂಟ್ಸ್ ಮೇಡಂ, ಭಾಷೆಗೆ ಮರ್ಯಾದೆ ಇಲ್ಲ ಅನ್ನುವ ಕಡೆಯಿಂದ ವಾದ ಮಾಡುತ್ತಾರೆ. ನನಗೆ ಎರಡೂ ಪೂರ್ತಿ ಒಪ್ಪಿಗೆ ಇಲ್ಲ. ಮರ್ಯಾದೆಯ ಪ್ರಶ್ನೆ ನನ್ನನ್ನು ಅಷ್ಟಾಗಿ ಕಾಡಿಲ್ಲ. ಕಾಡಿರುವುದು ಬೇರೆ. ಈ ಮೇಲ್‌ಗಳು ಸಾಮಾನ್ಯವಾಗಿ ಅರ್ಥವಾಗುತ್ತವೆ, ಅರ್ಥವಾಗದೆ ಇರುವುದು ಅಪರೂಪ. ಆದರೆ ಅರ್ಥ ಕೆಡುವುದು ಸರಿಯಾಗಿ ದುಡ್ಡು, ದಿನ, ಹೌದು-ಇಲ್ಲ ಇರುವ ಜಾಗದಲ್ಲೇ. ಯಾಕೆ ಹಾಗೆ ಅಂತ ಒಂದು ಮೇಲ್ ಇಟ್ಟುಕೊಂಡು ಹೇಳುತ್ತೇನೆ.

## ಅಭ್ಯಾಸ ಎಲ್ಲಿಂದ ಬಂತು

ಮೊದಲು ಒಂದು ಸಣ್ಣ ಸುತ್ತು. ಹೀಗೆ ಬರೆಯುವವರೆಲ್ಲ ಸೋಮಾರಿಗಳು ಅಂತ ಬೈಯುವವರು ಒಂದು ವಿಷಯ ಮರೆಯುತ್ತಾರೆ. ಮೊದಲೆಲ್ಲ ಆಫೀಸಿನ ಕಂಪ್ಯೂಟರ್‌ನಲ್ಲಿ ಕನ್ನಡ ಅಂದರೆ ನುಡಿ ಅಥವಾ ಬರಹ ಅನ್ನುವ ಟೈಪಿಂಗ್ ತಂತ್ರಾಂಶ. ಅವುಗಳ ಹಳೆಯ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರ ಕೂರಿಸಿದ್ದವು. ನಮ್ಮ ಕಂಪ್ಯೂಟರ್‌ನಲ್ಲಿ ಚೆನ್ನಾಗಿ ಕಾಣುತ್ತಿದ್ದ ಪತ್ರವನ್ನು ಮೇಲ್‌ಗೆ ಅಂಟಿಸಿ ಕಳಿಸಿದರೆ, ಆ ಫಾಂಟ್ ಇಲ್ಲದ ಕಡೆ "ಕನ್ನಡ" ಅನ್ನುವ ಪದ ಹೀಗೆ ಕಾಣುತ್ತಿತ್ತು:

```
PÀ£ÀßqÀ
```

ಇದನ್ನು ನೋಡಿದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಫೋನ್‌ನಲ್ಲೂ ಅದೇ ಕಥೆ. ಎಸ್‌ಎಂಎಸ್‌ನಲ್ಲಿ ಇಂಗ್ಲಿಷ್ ಅಕ್ಷರವಾದರೆ ಒಂದು ಮೆಸೇಜಿಗೆ 160 ಅಕ್ಷರ, ಕನ್ನಡ ಲಿಪಿ ಒಂದು ಸೇರಿದರೂ ಮಿತಿ 70ಕ್ಕೆ ಇಳಿಯುತ್ತದೆ. ನಮ್ಮಲ್ಲಿ ಒತ್ತು, ಗುಣಿತ ಎಲ್ಲವನ್ನೂ ಬೇರೆ ಬೇರೆ ಎಣಿಸುವುದರಿಂದ 70 ಅಂದರೆ ಎರಡು ಸಾಲೂ ಇಲ್ಲ. ಮೇಲಾಗಿ ಎಷ್ಟೋ ಫೋನ್‌ಗಳಲ್ಲಿ ಅದು ಬರೀ ಚೌಕ ಚೌಕವಾಗಿ ಕಾಣುತ್ತಿತ್ತು. ಆ ಕಾಲದಲ್ಲಿ ಬೆರಳಿಗೆ ಹತ್ತಿದ ಅಭ್ಯಾಸ ಈಗ ಆಫೀಸ್ ಮೇಲ್‌ನಲ್ಲಿದೆ. ಈಗ ಯೂನಿಕೋಡ್ ಎಲ್ಲ ಕಡೆ ಇದೆ, ಆ ತೊಂದರೆ ಇಲ್ಲ. ಅಭ್ಯಾಸ ಮಾತ್ರ ಉಳಿದಿದೆ.

ಆದರೆ ಈ ಅಭ್ಯಾಸಕ್ಕೆ ಯಾರೂ ಪಾಠ ಹೇಳಿಕೊಟ್ಟಿಲ್ಲ ಅನ್ನುವುದೇ ಮುಖ್ಯ. ಕನ್ನಡ ಲಿಪಿಯಲ್ಲಿ ಬರೆಯುವಾಗ ಶಾಲೆಯ ಮೇಷ್ಟ್ರು ಹೆಗಲ ಮೇಲೆ ಕೂತಿರುತ್ತಾರೆ. ಮಂಡ್ಯದವರು ಬಾಯಲ್ಲಿ "ಓದ್ರು" ಅಂದರೂ ಬರೆಯುವಾಗ "ಹೋದರು" ಅಂತಲೇ ಬರೆಯುತ್ತಾರೆ. ಇಂಗ್ಲಿಷ್ ಅಕ್ಷರಕ್ಕೆ ಬಂದರೆ ಮೇಷ್ಟ್ರು ಇಲ್ಲ. ಬಾಯಲ್ಲಿ ಏನಿದೆಯೋ ಅದೇ ಬೆರಳಿಗೆ ಬರುತ್ತದೆ. odru ಅಂತ ಬಂದರೆ ಅದು ಹೋದವರೋ, ಓದಿದವರೋ ಅಂತ ನಾವೇ ನೋಡಿಕೊಳ್ಳಬೇಕು. ಒಬ್ಬೊಬ್ಬರದೂ ಒಂದೊಂದು ಕಾಗುಣಿತ. ಒಂದೇ ಮನುಷ್ಯನ ಬೆಳಗಿನ ಮೇಲ್‌ಗೂ ಸಂಜೆಯ ಮೇಲ್‌ಗೂ ಬೇರೆ ಕಾಗುಣಿತ ಇರುವುದನ್ನು ನೋಡಿದ್ದೇನೆ.

## ಗೌಡ್ರ ಮೇಲ್

ನಮಗೆ ಬೆಲ್ಲ ಕೊಡುವವರು ಮಂಡ್ಯದ ಕಡೆಯವರು. ಎರಡು ಮೂರು ಆಲೆಮನೆಗಳಿಂದ ಬೆಲ್ಲ ಎತ್ತಿ ನಮ್ಮಂಥವರಿಗೆ ಕಳಿಸುತ್ತಾರೆ. ನಾವೆಲ್ಲ ಗೌಡ್ರು ಅಂತಲೇ ಕರೆಯುವುದು. ಮಾತಿನಲ್ಲಿ ಬಲು ಸ್ಪಷ್ಟ. ಮೇಲ್ ಮಾತ್ರ ಹೀಗೆ:

```
Madam namaskara. ee sala kabbu bele kammi ansutte
10 kg box ella ready bucket bella swalpa ide
nale load kalsala
```

ಇಷ್ಟೇ. ಪ್ರಶ್ನಾರ್ಥಕ ಚಿಹ್ನೆ ಇಲ್ಲ, ಕೊನೆಯಲ್ಲಿ ಚುಕ್ಕಿ ಇಲ್ಲ. ನಾನು ಇದನ್ನು ಮಾಲೀಕರಿಗೆ ಮತ್ತು ಅಕೌಂಟ್ಸ್ ಮೇಡಂಗೆ ಫಾರ್ವರ್ಡ್ ಮಾಡಿದೆ. ಮಧ್ಯಾಹ್ನ ಊಟದ ಹೊತ್ತಿಗೆ ಇಬ್ಬರೂ ಎರಡು ಬೇರೆ ಬೇರೆ ಮೇಲ್ ಓದಿದವರ ಹಾಗೆ ಮಾತಾಡುತ್ತಿದ್ದರು.

ಮೊದಲ ಸಾಲು ನೋಡಿ. kabbu bele ಅಂದರೆ ಕಬ್ಬಿನ ಬೆಲೆಯೂ ಆಗಬಹುದು, ಕಬ್ಬಿನ ಬೆಳೆಯೂ ಆಗಬಹುದು. ಇಂಗ್ಲಿಷ್ ಅಕ್ಷರಕ್ಕೆ ಲ-ಳ ವ್ಯತ್ಯಾಸ ಇಲ್ಲ. ಸಾಮಾನ್ಯವಾಗಿ ಸುತ್ತಲಿನ ಮಾತು ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ. ಬೇಳೆಯ ಬಗ್ಗೆ ಮಾತಾಡುವಾಗ ಬೆಳೆ ಅಂತ ಯಾರೂ ಓದುವುದಿಲ್ಲ. ಇಲ್ಲಿ ಮಾತ್ರ ಎರಡೂ ಸರಿಯಾಗಿ ಕೂರುತ್ತವೆ, ಮತ್ತು ಎರಡರ ಫಲ ಉಲ್ಟಾ. ಬೆಳೆ ಕಮ್ಮಿ ಆದರೆ ಆಲೆಮನೆಗೆ ಕಬ್ಬು ಸಿಗುವುದಿಲ್ಲ, ಬೆಲ್ಲದ ರೇಟ್ ಏರುತ್ತದೆ, ಈಗಲೇ ಜಾಸ್ತಿ ತೆಗೆದು ಇಟ್ಟುಕೊಳ್ಳಬೇಕು. ಬೆಲೆ ಕಮ್ಮಿ ಆದರೆ ಬೆಲ್ಲದ ರೇಟೂ ಇಳಿಯುವ ಸಂಭವ ಇದೆ, ಸ್ವಲ್ಪ ಕಾಯುವುದು ಒಳ್ಳೆಯದು. ಮಾಲೀಕರು ಬೆಳೆ ಅಂತ ಓದಿದ್ದರು, ತೆಗೆಯೋಣ ಅಂದರು. ಮೇಡಂ ಬೆಲೆ ಅಂತ ಓದಿದ್ದರು, ಯಾಕೆ ಈಗಲೇ ದುಡ್ಡು ಕಟ್ಟಿಹಾಕಬೇಕು ಅಂದರು.

ನನಗೆ ಇದು ಬೆಳೆ ಅಂತ ಅನ್ನಿಸಿತ್ತು. ಕಾರಣ ಕೊನೆಯ ಪದ, ansutte. ಕಬ್ಬಿನ ಬೆಲೆ ಏನು ಅಂತ ಗೌಡ್ರಿಗೆ ಅನ್ನಿಸುವುದಿಲ್ಲ, ಅವರಿಗೆ ಅದು ಗೊತ್ತೇ ಇರುತ್ತದೆ. ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿಗೆ ಕೇಂದ್ರ ಸರ್ಕಾರ ಎಫ್‌ಆರ್‌ಪಿ ಅಂತ ಒಂದು ದರ ಗೊತ್ತು ಮಾಡುತ್ತದೆ. ಆಲೆಮನೆಗೆ ಹೋಗುವ ಕಬ್ಬಿನದು ದಿನದ ಲೆಕ್ಕ, ಅದು ಅವರ ದಿನನಿತ್ಯದ ವ್ಯವಹಾರ. ಬೆಳೆ ಎಷ್ಟು ಬರಬಹುದು ಅನ್ನುವುದು ಮಾತ್ರ ಅಂದಾಜಿನ ಮಾತು. ಆದರೆ ಇಂಥ ಪತ್ತೇದಾರಿ ಕೆಲಸ ಮಾಡಲು ಮೇಲ್ ಬರೆದವರ ಪರಿಚಯ ಬೇಕು. ಮೇಡಂಗೆ ಆ ಪರಿಚಯ ಇರಲಿಲ್ಲ.

ಎರಡನೇ ಸಾಲು ಇನ್ನೂ ಮಜಾ. ಅಲ್ಲಿರುವ ella ಎಲ್ಲವೋ, ಇಲ್ಲವೋ? ಎಲ್ಲ ಅಂತ ಓದಿದರೆ, ಹತ್ತು ಕೆಜಿ ಬಾಕ್ಸ್ ಎಲ್ಲ ರೆಡಿ, ಅದರ ಜೊತೆಗೆ ಬಕೆಟ್ ಬೆಲ್ಲವೂ ಸ್ವಲ್ಪ ಇದೆ. ಇಲ್ಲ ಅಂತ ಓದಿದರೆ, ಹತ್ತು ಕೆಜಿ ಬಾಕ್ಸ್ ಇಲ್ಲ, ರೆಡಿ ಬಕೆಟ್ ಬೆಲ್ಲ ಸ್ವಲ್ಪ ಇದೆ. ನಮಗೆ ಬೇಕಿದ್ದದ್ದು ಬಾಕ್ಸಿನ ಅಚ್ಚು ಬೆಲ್ಲ, ಬಕೆಟ್ ಅಲ್ಲ. ಒಂದು ಓದಿನಲ್ಲಿ ನಮ್ಮ ಆರ್ಡರ್ ಪೂರ್ತಿ ತಯಾರು, ಇನ್ನೊಂದು ಓದಿನಲ್ಲಿ ಏನೂ ಇಲ್ಲ. ಮಧ್ಯದಲ್ಲಿ ಒಂದು ಚುಕ್ಕಿ ಇದ್ದಿದ್ದರೆ ಸಾಕಿತ್ತು, ella ಅಂತಲೇ ಬರೆದಿದ್ದರೂ ತೊಂದರೆ ಆಗುತ್ತಿರಲಿಲ್ಲ. ನಾನು ಗೌಡ್ರ ಹಳೆಯ ಮೇಲ್‌ಗಳನ್ನು ತೆಗೆದು ನೋಡಿದೆ. ಅವರು ಎಲ್ಲ ಅನ್ನುವುದನ್ನು ಯಾವಾಗಲೂ yella ಅಂತ ಬರೆಯುತ್ತಾರೆ. ಹಾಗಾದರೆ ಇದು ಇಲ್ಲ. ನೋಡಿ, ಒಬ್ಬ ಮನುಷ್ಯನ ಸ್ವಂತ ಕಾಗುಣಿತವನ್ನು ನಾನು ಕಲಿತಿದ್ದೇನೆ, ಆದರೆ ಫಾರ್ವರ್ಡ್ ಮಾಡುವಾಗ ಆ ಕಲಿಕೆ ಮೇಲ್ ಜೊತೆ ಹೋಗುವುದಿಲ್ಲ.

ಮೂರನೇ ಸಾಲು, kalsala. ನಾಳೆ ಲೋಡ್ ಕಳಿಸಲಾ ಅಂತ ಕೇಳುತ್ತಿದ್ದಾರೋ, ಕಳಿಸಲ್ಲ ಅಂತ ಹೇಳುತ್ತಿದ್ದಾರೋ? ಒಂದು l ಬಿಟ್ಟುಹೋದರೆ ಇಲ್ಲ ಅನ್ನುವ ಮಾತು ಪ್ರಶ್ನೆಯಾಗಿಬಿಡುತ್ತದೆ. ಪ್ರಶ್ನಾರ್ಥಕ ಚಿಹ್ನೆ ಹಾಕುವ ಅಭ್ಯಾಸ ಇಲ್ಲದವರ ಮೇಲ್‌ನಲ್ಲಿ ಇದನ್ನು ತೀರ್ಮಾನಿಸುವ ದಾರಿಯೇ ಇಲ್ಲ. ಕೊನೆಗೆ ಫೋನ್ ಮಾಡಿದೆ.

"ಅಯ್ಯೋ ಮೇಡಂ, ಬೆಳೆನೇ ಕಮ್ಮಿ ಕಣ್ರೀ, ನಾಲೆ ನೀರು ಲೇಟಾಗಿ ಬಿಟ್ರಲ್ಲ" ಅಂದರು ಗೌಡ್ರು. "ಬಾಕ್ಸ್ ಇಲ್ಲ. ಬಕೆಟ್ ಬೇಕಾದ್ರೆ ನಾಳೆ ಕಳಿಸ್ಲಾ ಅಂತ ಕೇಳ್ದೆ."

ಒಂದು ನಿಮಿಷದ ಫೋನ್. ಮೂರೂ ಸಾಲು ಬಗೆಹರಿಯಿತು. ಮಾಲೀಕರ ಮಗ ಇದನ್ನೇ ಹಿಡಿದುಕೊಂಡು ನೋಡಿದ್ರಾ ಅಂದರು. ನನಗೆ ಬೇರೆಯೇ ಹೊಳೆಯಿತು. ಈ ಮೇಲ್ ನನಗೆ ಮಾತ್ರ ಬಂದು ನನ್ನಲ್ಲೇ ಮುಗಿದಿದ್ದರೆ ಏನೂ ತೊಂದರೆ ಇರಲಿಲ್ಲ. ಕೇಳಿ ತಿಳಿದುಕೊಳ್ಳಬಹುದಿತ್ತು. ತೊಂದರೆ ಶುರುವಾದದ್ದು ಅದು ಮೂರನೆಯವರ ಕೈಗೆ ಹೋದಾಗ.

## ಹಾಗಾದರೆ ಯಾವಾಗ ನಡೆಯುತ್ತದೆ

ನಾನು ಈಗ ಇಟ್ಟುಕೊಂಡಿರುವ ಅಳತೆ ಇದೊಂದೇ. ಓದುವವರು ಬರೆದವರನ್ನು ತಿರುಗಿ ಕೇಳಲು ಆಗುತ್ತದಾ? ಆಗುತ್ತದೆ ಅಂದರೆ ಇಂಗ್ಲಿಷ್ ಅಕ್ಷರದ ಕನ್ನಡ ಧಾರಾಳವಾಗಿ ನಡೆಯುತ್ತದೆ. ಟೆಂಪೋ ಎಲ್ಲಿದೆ, ಸ್ಯಾಂಪಲ್ ತಲುಪಿತಾ, ಮಿಷನ್ ನೋಡಲು ಯಾರು ಬರುತ್ತಾರೆ, ಇಂಥದ್ದೆಲ್ಲ ಇಬ್ಬರ ನಡುವೆ ಹುಟ್ಟಿ ಅವತ್ತೇ ಸಾಯುವ ಮೇಲ್. ಇದಕ್ಕೆ ಇಂಗ್ಲಿಷ್ ಬರೆಯಿರಿ ಅಂತ ಒತ್ತಾಯ ಮಾಡಿದರೆ ಗೌಡ್ರಂಥವರು ಮೇಲ್ ಬರೆಯುವುದನ್ನೇ ಬಿಡುತ್ತಾರೆ. ಆಗ ಎಲ್ಲವೂ ಫೋನಿಗೆ ಹೋಗುತ್ತದೆ, ಕೈಯಲ್ಲಿ ಏನೂ ದಾಖಲೆ ಉಳಿಯುವುದಿಲ್ಲ. ಅರೆಬರೆ ಕಾಗುಣಿತದ ಮೇಲ್ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು.

ಕೇಳಲು ಆಗದವರು ಓದುತ್ತಾರೆ ಅಂದರೆ ಬೇಡ. ಇದರಲ್ಲಿ ಮೊದಲು ಬರುವುದು ಸಿಸಿ. ನಮ್ಮ ಪ್ಯಾಕಿಂಗ್ ಮಿಷನ್ ಕೊಯಮತ್ತೂರಿನದು. ಒಮ್ಮೆ ನಮ್ಮ ಫ್ಲೋರ್‌ನವರು ಮಿಷನ್ ತೊಂದರೆಯನ್ನು ಹೀಗೇ ಬರೆದು ಅಲ್ಲಿನ ಸರ್ವೀಸ್ ಇಂಜಿನಿಯರ್ ಹೆಸರನ್ನೂ ಸಿಸಿಯಲ್ಲಿ ಸೇರಿಸಿಬಿಟ್ಟರು. ಅಕ್ಷರ ಇಂಗ್ಲಿಷ್ ತಾನೇ, ಅವರಿಗೂ ಸ್ವಲ್ಪ ತಿಳಿಯುತ್ತದೆ ಅಂತ ಅವರ ನಂಬಿಕೆ. ಅಕ್ಷರ ಓದಲು ಬಂದ ಮಾತ್ರಕ್ಕೆ ಮಾತು ತಿಳಿಯುವುದಿಲ್ಲ ಅಲ್ವಾ? ಕನ್ನಡ ಲಿಪಿಯಲ್ಲಿ ಇದ್ದಿದ್ದರೆ ಅವರು ಅನುವಾದದ ಬಟನ್ ಒತ್ತಿ ಒಂದು ಮಟ್ಟಿಗೆ ತಿಳಿದುಕೊಳ್ಳುತ್ತಿದ್ದರು. ಇದರಲ್ಲಿ ಅದೂ ಕಷ್ಟ. ಕನ್ನಡ ಬಾರದವರಿಗೆ ಕನ್ನಡ ಲಿಪಿಗಿಂತ ಇಂಗ್ಲಿಷ್ ಅಕ್ಷರದ ಕನ್ನಡವೇ ಹೆಚ್ಚು ಮುಚ್ಚಿದ ಬಾಗಿಲು, ನಂಬಲು ಕಷ್ಟವಾದರೂ ಹೌದು.

ಸ್ಕ್ರೀನ್ ರೀಡರ್ ಬಳಸುವವರಿಗೂ ಹೀಗೇ. ಕಣ್ಣು ಕಾಣದವರು ಮೇಲ್ ಕೇಳಿಸಿಕೊಳ್ಳುವಾಗ ಕನ್ನಡ ಲಿಪಿ ಇದ್ದರೆ ಕನ್ನಡದ ದನಿ ಓದಬಲ್ಲದು. ಇಂಗ್ಲಿಷ್ ಅಕ್ಷರ ಇದ್ದರೆ ಇಂಗ್ಲಿಷ್ ದನಿ ಅದನ್ನು ಇಂಗ್ಲಿಷ್ ಪದ ಅಂತಲೇ ಓದುತ್ತದೆ. mane ಅಂತ ಬರೆದರೆ ಅದಕ್ಕೆ ಕುದುರೆಯ ಕೇಸರವೇ ಹೊರತು ಮನೆ ಅಲ್ಲ.

ಎರಡನೆಯದು ಫೈಲಿಗೆ ಹೋಗುವ ಮೇಲ್. ರೇಟ್ ಒಪ್ಪಿಗೆ, ಮಾಲು ವಾಪಸ್, ತೂಕದಲ್ಲಿ ಕಮ್ಮಿ ಬಂದದ್ದು, ರಜೆ, ಸಂಬಳದ ತಕರಾರು. ಆರು ತಿಂಗಳಾದ ಮೇಲೆ ಇನ್ಯಾರೋ ಇದನ್ನು ಹುಡುಕುತ್ತಾರೆ. ಹುಡುಕುವುದು ಹೇಗೆ? ಕಳಿಸಿಲ್ಲ ಅನ್ನುವುದನ್ನು ಒಬ್ಬರು kalsilla, ಇನ್ನೊಬ್ಬರು kalisilla, ಮತ್ತೊಬ್ಬರು kalsila ಅಂತ ಬರೆದಿರುತ್ತಾರೆ. ಮೇಲ್‌ನ ಹುಡುಕಾಟಕ್ಕೆ ಒಂದನ್ನು ಕೊಟ್ಟರೆ ಇನ್ನೊಂದು ಸಿಗುವುದಿಲ್ಲ. ಅದಕ್ಕೇ ನಾನು ಒಳಗೆ ಏನೇ ಬರೆದರೂ ಸಬ್ಜೆಕ್ಟ್ ಸಾಲನ್ನು ಮಾತ್ರ ಇಂಗ್ಲಿಷ್‌ನಲ್ಲಿ ಅಥವಾ ಕನ್ನಡ ಲಿಪಿಯಲ್ಲಿ ಇಡುತ್ತೇನೆ. ಬಿಲ್ ನಂಬರ್, ಮಾಲಿನ ಹೆಸರು, ತಾರೀಕು. ಹುಡುಕಿದರೆ ಅದಾದರೂ ಸಿಗಲಿ.

ಸರ್ಕಾರಿ ಕಚೇರಿಗೆ ಹೋಗುವುದರ ಬಗ್ಗೆ ಜಾಸ್ತಿ ಹೇಳುವುದು ಬೇಡ. ಕರ್ನಾಟಕದಲ್ಲಿ 1963ರ ರಾಜಭಾಷಾ ಕಾಯ್ದೆ ಇದೆ, ಆಡಳಿತದ ಭಾಷೆ ಕನ್ನಡ. ಅಲ್ಲಿಗೆ ಕನ್ನಡ ಲಿಪಿಯಲ್ಲೇ ಬರೆಯಿರಿ, ಮುಗಿಯಿತು.

## ಓದುವಂತೆ ಬರೆಯುವುದು

ಈಗ ನಡೆಯುವ ಜಾಗದಲ್ಲಿ ಹೇಗೆ ಬರೆಯಬೇಕು ಅನ್ನುವುದು. ಕೆಲವರು ಬರಹ ತಂತ್ರಾಂಶದ ಪದ್ಧತಿ ತರಲು ನೋಡುತ್ತಾರೆ. ಅದರಲ್ಲಿ bele ಅಂದರೆ ಬೆಲೆ, beLe ಅಂದರೆ ಬೆಳೆ, bELe ಅಂದರೆ ಬೇಳೆ. nAle ನಾಲೆ, nALe ನಾಳೆ. ಲೆಕ್ಕ ಪಕ್ಕಾ ಇದೆ. ಆದರೆ ಅದು ಕಂಪ್ಯೂಟರಿಗೆ ಹೇಳುವ ಭಾಷೆ, ಮನುಷ್ಯರು ಓದಲು ಮಾಡಿದ್ದಲ್ಲ. ಪದ್ಧತಿ ಗೊತ್ತಿಲ್ಲದವರಿಗೆ ನಡುವೆ ಬಂದ ದೊಡ್ಡ ಅಕ್ಷರ ಟೈಪಿಂಗ್ ತಪ್ಪಿನ ಹಾಗೆ ಕಾಣುತ್ತದೆ. ಮೇಲಾಗಿ ಫೋನ್ ಪ್ರತಿ ವಾಕ್ಯದ ಮೊದಲ ಅಕ್ಷರವನ್ನು ತಾನೇ ದೊಡ್ಡದು ಮಾಡುತ್ತದೆ. Nale ಅಂತ ಶುರುವಾದರೆ ಆ ಪದ್ಧತಿಯ ಪ್ರಕಾರ ಅದು ಣ! ಹಾಗಾಗಿ ಇದನ್ನು ನಾನು ಕೈಬಿಟ್ಟಿದ್ದೇನೆ.

ನನ್ನ ಅನುಭವದಲ್ಲಿ ಎಲ್ಲ ಸ್ವರವನ್ನೂ ಸರಿಯಾಗಿ ಬರೆಯಬೇಕಾಗಿಲ್ಲ. nimma aafisige ಅಂದರೂ ಸರಿ, nim officege ಅಂದರೂ ಸರಿ, ಯಾರೂ ಎಡವುವುದಿಲ್ಲ. ಎಡವುವುದು ಕ್ರಿಯಾಪದದ ಬಾಲದಲ್ಲಿ. ನಮ್ಮ ಭಾಷೆಯಲ್ಲಿ ಆಯಿತಾ, ಆಗುತ್ತದಾ, ಆಗಿಲ್ಲವಾ, ಆಗುವುದೇ ಇಲ್ಲವಾ ಅನ್ನುವುದೆಲ್ಲ ಆ ಬಾಲದಲ್ಲೇ ಇದೆ. ನೋಡಿ:

```
payment agilla
payment agalla
payment aglla
```

ಮೊದಲನೆಯದು ಇನ್ನೂ ಆಗಿಲ್ಲ, ಅಂದರೆ ಆಗಬಹುದು, ಕಾಯಿರಿ. ಎರಡನೆಯದು ಆಗುವುದಿಲ್ಲ, ಬೇರೆ ದಾರಿ ನೋಡಿ. ಮೂರನೆಯದರಲ್ಲಿ ಬರೆದವರು ನಡುವಿನ ಸ್ವರವನ್ನೇ ನುಂಗಿದ್ದಾರೆ, ಮಾತಿನಲ್ಲಿ ನಾವೂ ನುಂಗುತ್ತೇವಲ್ಲ. ಮಾತಿನಲ್ಲಿ ದನಿ, ಮುಖ ಎಲ್ಲ ಇರುವುದರಿಂದ ನಡೆದುಹೋಗುತ್ತದೆ. ಮೇಲ್‌ನಲ್ಲಿ ದುಡ್ಡು ಬರಬೇಕಾದವರ ಬಿಪಿ ಏರುತ್ತದೆ. madilla-madalla, kodilla-kodalla, bandilla-baralla, ಎಲ್ಲ ಕಡೆ ಇದೇ ಕಥೆ. ಆದ್ದರಿಂದ ಉಳಿದ ಪದಗಳನ್ನು ಹೇಗಾದರೂ ಬರೆಯಿರಿ, ಇಲ್ಲ ಅನ್ನುವ ಅರ್ಥ ಇರುವ ಕ್ರಿಯಾಪದವನ್ನು ಮಾತ್ರ ನಿಧಾನವಾಗಿ, ಎರಡು l ಹಾಕಿ, ನಡುವಿನ ಸ್ವರ ಬಿಡದೆ ಬರೆಯಿರಿ. ಅದೂ ಸಾಲದು ಅನ್ನಿಸಿದರೆ ಒಂದು ಪದ ಸೇರಿಸಿ. innu agilla ಅಂದರೆ ಯಾರೂ ತಪ್ಪು ಓದುವುದಿಲ್ಲ. agode illa ಅಂದರೂ ಅಷ್ಟೇ. ಕಾಗುಣಿತ ತಿದ್ದುವುದಕ್ಕಿಂತ ಇದು ಸುಲಭ, ಕೇಳಿದವರು ಒಪ್ಪಿಕೊಂಡು ಮಾಡುತ್ತಾರೆ.

ಕೇಳುವ ವಾಕ್ಯಕ್ಕೆ ಪ್ರಶ್ನಾರ್ಥಕ ಚಿಹ್ನೆ ಹಾಕಲೇಬೇಕು. ಕನ್ನಡ ಲಿಪಿಯಲ್ಲಿ ಕಳಿಸಲಾ ಅಂತ ದೀರ್ಘ ಕಾಣುತ್ತದೆ, ಚಿಹ್ನೆ ಇಲ್ಲದಿದ್ದರೂ ನಡೆಯುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಆ ದೀರ್ಘ ಹೋಗಿಬಿಟ್ಟಿರುತ್ತದೆ. ಅದರ ಜಾಗದಲ್ಲಿ ಚಿಹ್ನೆಯೇ ಕೆಲಸ ಮಾಡಬೇಕು.

ಇನ್ನು ಲ-ಳ. ಇದಕ್ಕೆ ನನ್ನ ಪರಿಹಾರ ಕೇಳಿದರೆ ಕನ್ನಡ ಮೇಷ್ಟ್ರುಗಳು ಬೈಯಬಹುದು. ಎರಡು ಅರ್ಥ ಬರುವ ಜಾಗದಲ್ಲಿ ನಾವು ಮಾತಿನಲ್ಲಿ ಹೇಗೂ ಬಳಸುವ ಇಂಗ್ಲಿಷ್ ಪದವನ್ನೇ ಹಾಕಿಬಿಡಿ. ಬೆಲೆ ಅನ್ನುವ ಕಡೆ rate ಅನ್ನಿ, ಬೆಳೆ ಅನ್ನುವ ಕಡೆ crop ಅನ್ನಿ. ಮಂಡಿಯಲ್ಲಿ ಬೆಲ್ಲದ ರೇಟ್ ಅಂತ ಕೇಳುತ್ತಾರೆಯೇ ಹೊರತು ಬೆಲೆ ಅಂತ ಕೇಳುವವರು ಕಮ್ಮಿ. ಬಾಯಲ್ಲಿ ಇರುವ ಪದವನ್ನು ಬೆರಳು ಯಾಕೋ ಬದಲಾಯಿಸುತ್ತದೆ, ಬರೆಯುವಾಗ ಶುದ್ಧ ಕನ್ನಡ ಇರಲಿ ಅಂತಲೋ ಏನೋ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾ ಶುದ್ಧ ಪದ ಹುಡುಕುವುದು ಸುಮ್ನೆ ತೊಂದರೆ ಮೈಮೇಲೆ ಎಳೆದುಕೊಂಡ ಹಾಗೆ.

ನಾಳೆಗೂ ಇದೇ. ಮಂಡ್ಯದ ಕಡೆಯ ಮೇಲ್‌ನಲ್ಲಿ nale neeru bandre nodana ಅಂತ ಬಂದರೆ ಅದು ವಿ.ಸಿ. ನಾಲೆಯ ನೀರೋ, ನಾಳೆ ಬರುವ ನೀರೋ? ಹಾಗಂತ ಅದಷ್ಟೇ ಕಾರಣ ಅಲ್ಲ. ನಾಳೆ, ನಾಡಿದ್ದು ಅನ್ನುವ ಪದಗಳು ಮೇಲ್‌ನಲ್ಲಿ ಯಾವ ಲಿಪಿಯಲ್ಲಿದ್ದರೂ ಅಪಾಯ. ರಾತ್ರಿ ಹನ್ನೊಂದಕ್ಕೆ ಬರೆದ ನಾಳೆಯನ್ನು ನಾನು ಬೆಳಗ್ಗೆ ಒಂಬತ್ತಕ್ಕೆ ಓದುತ್ತೇನೆ. ತಾರೀಕು ಹಾಕಿದರೆ ಎರಡೂ ತಲೆನೋವು ಒಟ್ಟಿಗೆ ಹೋಗುತ್ತವೆ. ಸಂಖ್ಯೆಯನ್ನೂ ಅಂಕಿಯಲ್ಲೇ ಬರೆಯಬೇಕು. muru, nuru, aru ಇವನ್ನು ಫೋನ್‌ನ ಸಣ್ಣ ಕೀಲಿಯಲ್ಲಿ ಒತ್ತುವಾಗ ಪಕ್ಕದ ಅಕ್ಷರ ಬಿದ್ದರೆ ಮೂರು ನೂರಾಗುತ್ತದೆ, m ಮತ್ತು n ಅಕ್ಕಪಕ್ಕದಲ್ಲೇ ಕೂತಿವೆ.

ಒಂದು ವಿಷಯ ಸೇರಿಸಬೇಕು. ಇಂಗ್ಲಿಷ್ ಆಟೋಕರೆಕ್ಟ್ ಆನ್ ಇಟ್ಟುಕೊಂಡು ಹೀಗೆ ಬರೆಯಬೇಡಿ. madi ಅನ್ನುವುದು made ಆಗಿಬಿಟ್ಟರೆ ಮಾಡಿ ಅಂತ ಕೇಳಿಕೊಂಡದ್ದು ಮಾಡಿ ಆಯಿತು ಅಂತ ಕಾಣುತ್ತದೆ. ನಾನು ಇದನ್ನು ಕಣ್ಣಾರೆ ನೋಡಿದ್ದೇನೆ, bill made payment ಅಂತ ಒಂದು ಮೇಲ್ ಬಂದು ಎಲ್ಲರೂ ತಲೆ ಕೆರೆದುಕೊಂಡಿದ್ದರು.

ಉದ್ದ ಸೇರಿಸಿ ಬರೆಯುವವರೂ ಇದ್ದಾರೆ. ಕನ್ನಡದಲ್ಲಿ ಪದಗಳು ಸಹಜವಾಗಿ ಅಂಟಿಕೊಳ್ಳುತ್ತವೆ, ಲಿಪಿಯಲ್ಲಿ ಒತ್ತಕ್ಷರ ಇರುವುದರಿಂದ ಕಣ್ಣು ಅದನ್ನು ಬಿಡಿಸಿಕೊಳ್ಳುತ್ತದೆ. madbekagirlilvante ಅಂತ ಇಂಗ್ಲಿಷ್ ಅಕ್ಷರದಲ್ಲಿ ಬಂದರೆ ತುಟಿ ಅಲ್ಲಾಡಿಸಿಕೊಂಡು ಎರಡು ಸಲ ಓದಬೇಕು. madbeku agirlilla ante ಅಂತ ಬಿಡಿಸಿ ಬರೆದರೆ ಒಂದೇ ಓಟಕ್ಕೆ ಆಗುತ್ತದೆ.

ಗೌಡ್ರ ಮೇಲ್ ಅನ್ನೇ ಈ ಲೆಕ್ಕದಲ್ಲಿ ಬರೆದರೆ ಹೀಗಾಗುತ್ತದೆ:

```
Madam namaskara.
Ee sala kabbu crop kammi ansutte.
10 kg box illa. Ready bucket bella swalpa ide.
14 Nov ge load kalsala?
```

ಗಮನಿಸಿ, ದೀರ್ಘ ಸ್ವರಗಳಿಗೆ ನಾನು ಕೈ ಹಾಕಿಲ್ಲ. ಲ-ಳ ಕೂಡ ಹಾಗೇ ಬಿಟ್ಟಿದ್ದೇನೆ. kabbu, bella, swalpa ಎಲ್ಲ ಅವರದೇ ಕಾಗುಣಿತ. ಬದಲಾದದ್ದು ಒಂದು crop, ಒಂದು illa, ಒಂದು ತಾರೀಕು, ಒಂದು ಪ್ರಶ್ನೆ, ಮತ್ತೆ ಚುಕ್ಕಿಗಳು. ಇದನ್ನು ಯಾರಿಗೆ ಫಾರ್ವರ್ಡ್ ಮಾಡಿದರೂ, ಕನ್ನಡ ಬರುವವರಾದರೆ, ಒಂದೇ ಅರ್ಥ ಸಿಗುತ್ತದೆ.

## ಲಿಪಿಯಲ್ಲೇ ಬರೆದರೆ ಆಗಲ್ವಾ

ಆಗುತ್ತದೆ, ಈಗ ಅದು ಬಹಳ ಸುಲಭ. ಫೋನ್‌ನಲ್ಲಿ ಜಿಬೋರ್ಡ್‌ಗೆ ಕನ್ನಡ ಸೇರಿಸಿಕೊಂಡರೆ ಇಂಗ್ಲಿಷ್ ಅಕ್ಷರ ಒತ್ತಿದಂತೆ ಕನ್ನಡ ಬರುತ್ತದೆ. ಕಂಪ್ಯೂಟರ್‌ನಲ್ಲಿ ವಿಂಡೋಸ್ 10ಕ್ಕೆ 2019ರಲ್ಲೇ `Kannada Phonetic` ಅನ್ನುವ ಕೀಬೋರ್ಡ್ ಬಂದಿದೆ. ಸೆಟ್ಟಿಂಗ್ಸ್‌ನಲ್ಲಿ ಭಾಷೆಯ ಪಟ್ಟಿಗೆ ಕನ್ನಡ ಸೇರಿಸಿ, ಅದರ ಕೀಬೋರ್ಡ್‌ಗಳಲ್ಲಿ ಇದನ್ನು ಆರಿಸಿಕೊಂಡರೆ ಸಾಕು. ಆಮೇಲೆ ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಇಂಗ್ಲಿಷ್‌ಗೂ ಕನ್ನಡಕ್ಕೂ ಓಡಾಡಬಹುದು. ನಮ್ಮ ಅಕೌಂಟ್ಸ್ ಮೇಡಂಗೆ ಹಾಕಿಕೊಟ್ಟೆ, ಅವರು ಈಗ ನಮ್ಮೆಲ್ಲರಿಗಿಂತ ವೇಗವಾಗಿ ಬರೆಯುತ್ತಾರೆ.

ಗೌಡ್ರಿಗೂ ಹೇಳಿದೆ. ಅವರ ಕಷ್ಟ ಬೇರೆ. ಅವರ ಮೇಲ್‌ನಲ್ಲಿ ಅರ್ಧ ಪದ ಇಂಗ್ಲಿಷ್. box, ready, load, kg, ಜೊತೆಗೆ ಲಾರಿ ನಂಬರ್, ಬಿಲ್ ನಂಬರ್. ಪ್ರತಿ ಎರಡು ಪದಕ್ಕೆ ಕೀಬೋರ್ಡ್ ಬದಲಾಯಿಸುತ್ತಾ ಕೂರಬೇಕು, ಅಥವಾ ಲೋಡ್, ಬಾಕ್ಸ್ ಅಂತ ಕನ್ನಡದಲ್ಲಿ ಬರೆಯುವಾಗ ಕೀಬೋರ್ಡ್ ಕೊಡುವ ಪದಗಳಲ್ಲಿ ಸರಿಯಾದದ್ದನ್ನು ಹುಡುಕಬೇಕು. ತೂಕದ ಕಾಂಟಾ ಪಕ್ಕದಲ್ಲಿ ನಿಂತುಕೊಂಡು ಒಂದು ಕೈಯಲ್ಲಿ ಮೇಲ್ ಬರೆಯುವ ಮನುಷ್ಯನಿಗೆ ಅದನ್ನು ಹೇರಲು ನನಗೆ ಮನಸ್ಸಿಲ್ಲ.

ಹಾಗಾಗಿ ನಮ್ಮ ನಡುವೆ ಒಂದು ವ್ಯವಸ್ಥೆ ಆಗಿದೆ. ಅವರು ಅವರಿಗೆ ಬಂದ ಹಾಗೆ ಬರೆಯುತ್ತಾರೆ. ನಾನು ಉತ್ತರದ ಮೊದಲ ಸಾಲಿನಲ್ಲಿ ಅವರು ಹೇಳಿದ್ದು ಏನು ಅಂತ ನಾನು ಓದಿಕೊಂಡದ್ದನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತೇನೆ: "10 ಕೆಜಿ ಬಾಕ್ಸ್ ಇಲ್ಲ, ಬಕೆಟ್ ಮಾತ್ರ ಇದೆ, 14ಕ್ಕೆ ಲೋಡ್ ಕಳಿಸಬೇಕಾ ಅಂತ ಕೇಳಿದ್ದೀರಿ." ತಪ್ಪಿದ್ದರೆ ಅವರು ಆವತ್ತೇ ಫೋನ್ ಮಾಡುತ್ತಾರೆ. ಮಾಲೀಕರಿಗೆ, ಅಕೌಂಟ್ಸ್‌ಗೆ ಫಾರ್ವರ್ಡ್ ಆಗುವುದು ಗೌಡ್ರ ಮೇಲ್ ಅಲ್ಲ, ನನ್ನ ಈ ಉತ್ತರ. ಅವರ ಮೂಲ ಮೇಲ್ ಕೆಳಗೆ ಹೇಗೂ ಅಂಟಿಕೊಂಡೇ ಇರುತ್ತದೆ, ನೋಡಬೇಕಾದವರು ಕೆಳಗೆ ಇಳಿದು ನೋಡಬಹುದು. ಮಾಲೀಕರ ಮಗ ಇದಕ್ಕೂ ಒಪ್ಪಿಲ್ಲ, ಒಂದು ಮೇಲ್‌ಗೆ ಎರಡು ಮೇಲ್ ಯಾಕೆ ಅನ್ನುತ್ತಾರೆ. ಅವರ ಸ್ವಂತ ಮೇಲ್‌ಗಳು ಇಂಗ್ಲಿಷ್‌ನಲ್ಲಿ ಇರುತ್ತವೆ, ಗೌಡ್ರು ಅವನ್ನು ಓದಿ ಏನಂದಿದಾರೆ ಮೇಡಂ ಅಂತ ನನಗೇ ಫೋನ್ ಮಾಡುತ್ತಾರೆ.